ಬ್ರಾಹ್ಮಿ ಲ್ಯಾಬ್ ಬಿಟ್ಟು ಕಬ್ಬಿನ ಹೊಲಕ್ಕೆ ಹೋದದ್ದು

ತೇರದಾಳದ ಬ್ರಾಹ್ಮಿಗೆ ಬಾರದ ಕೆಲಸ ಒಂದೇ ಒಂದು, ತನಗೆ ಬೇಕಾದ್ದನ್ನು ಕೇಳುವುದು. ಉಳಿದದ್ದೆಲ್ಲ ಬರುತ್ತಿತ್ತು. ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲು ಸೋಸಿ ಅದರ ಸಕ್ಕರೆ ಅಳೆಯುವುದು, ಸಿಪ್ಪೆಯಲ್ಲಿ ಎಷ್ಟು ಸಿಹಿ ದಂಡವಾಗಿ ಹೋಯಿತೆಂದು ಹುಡುಕುವುದು, ರಬಕವಿಯ ಅತ್ತೆ ಮನೆಯಲ್ಲಿ ಹಬ್ಬದ ಹೋಳಿಗೆಗೆ ಹೂರಣ ರುಬ್ಬುವುದು, ಗಂಡ ನಿಶಾಂತನ ಸೀರೆ ಅಂಗಡಿಯಲ್ಲಿ ಗಿರಾಕಿ ಎದ್ದು ಹೋಗದಂತೆ ಹತ್ತು ಸೀರೆ ಬಿಚ್ಚಿ ತೋರಿಸುವುದು, ಇವು ಯಾವುದಕ್ಕೂ ಆಕೆ ಅಂಜಿದವಳಲ್ಲ. ಆದರೆ ಬಸ್ಸಿನಲ್ಲಿ "ಸ್ವಲ್ಪ ಸರೀರಿ" ಎನ್ನಬೇಕಾದರೂ ಬಾಯಿ ಕಟ್ಟಿ ನಿಂತುಕೊಂಡೇ ಬರುವ ಜಾತಿ.

ಇದು ಅವಳೊಬ್ಬಳ ರೋಗವಲ್ಲ, ಮನೆತನದ್ದು. ಅವರಲ್ಲಿ ಯಾರೂ ತಮಗೆ ಬೇಕಾದ್ದನ್ನು ತಾವೇ ಕೇಳುವುದಿಲ್ಲ. ಹೆಣ್ಣು ಕೇಳಬೇಕಾದರೆ ಮಾವ ಹೋಗುತ್ತಾನೆ, ಹೊಲದ ನೀರಿನ ಪಾಳಿ ಕೇಳಬೇಕಾದರೆ ಕಾಕಾ ಹೋಗುತ್ತಾನೆ, ಆ ಕಾಕಾನಿಗೆ ಏನಾದರೂ ಬೇಕಾದರೆ ಅವನ ಹೆಂಡತಿಯ ತವರಿನವರು ಬರುತ್ತಾರೆ. ಬೇಡುವ ಮಾತು ಇನ್ನೊಬ್ಬರ ಬಾಯಿಂದ ಬಂದರೆ ಮಾನ ಉಳಿಯುತ್ತದೆ ಎನ್ನುವ ಲೆಕ್ಕ. ಅದರ ಜೊತೆಗೆ ಇನ್ನೊಂದು ರೂಢಿಯೂ ಇದೆ. ಕೇಳುವಾಗ ಒಂದು ಕಷ್ಟ ಹೇಳಿಕೊಳ್ಳಬೇಕು. ಬರೀ "ಬೇಕು" ಅಂದರೆ ಸೊಕ್ಕು ಅನ್ನುತ್ತಾರೆ, "ಭಾಳ ತ್ರಾಸ ಆಗೇತ್ರಿ" ಅಂದರೆ ಕೊಡುವವನ ಕರುಳು ಕರಗುತ್ತದೆ. ಈ ಎರಡು ರೂಢಿ ಸೇರಿ ಬ್ರಾಹ್ಮಿಯನ್ನು ಎಂಥ ಹೊಂಡಕ್ಕೆ ಕೆಡವಿದವು ಎನ್ನುವುದೇ ಈ ಕಥೆ.

ಮುಧೋಳದ ಕಡೆ, ಘಟಪ್ರಭೆಯಿಂದ ಬಹಳ ದೂರವಿಲ್ಲದ ಒಂದು ಸಕ್ಕರೆ ಕಾರ್ಖಾನೆ. ಅದರ ಲ್ಯಾಬಿಗೆ ಬ್ರಾಹ್ಮಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಸೇರಿದ್ದಳು. ಸೇರಿದಾಗ ಒಂದು ಅಂಕಿ ಬರೆಯಲು ಮೂರು ಸಲ ಅಳೆಯುತ್ತಿದ್ದಳು. ಇಂದು ಅದೇ ಲ್ಯಾಬು ಅವಳ ಮೇಲೆ ನಿಂತಿದೆ ಎಂದು ಮುಖ್ಯ ಕೆಮಿಸ್ಟ್ ಗುರುರಾಜ ದೇಶಪಾಂಡೆಯವರೇ ಹೇಳುತ್ತಿದ್ದರು. ಅವರು ಹೊಗಳುವುದು ಅಪರೂಪ. ಒಂದು ಅಂಕಿ ತಪ್ಪಿದರೆ ಕಾಗದವನ್ನು ತಿರುಗಿಸಿ ಮೇಜಿನ ಮೇಲಿಟ್ಟು, ಏನೂ ಮಾತಾಡದೆ ಕನ್ನಡಕ ಒರೆಸುತ್ತ ನಿಲ್ಲುವ ಮನುಷ್ಯ. ಅವರು ಬೈದಿದ್ದರೇ ವಾಸಿ ಅನ್ನಿಸಬೇಕು, ಹಾಗೆ ಒರೆಸುತ್ತಿದ್ದರು.

ಕಬ್ಬು ಅರೆಯುವ ಹಂಗಾಮು ಶುರುವಾದರೆ ಲ್ಯಾಬಿಗೆ ಬಿಡುವೆಂಬುದಿಲ್ಲ. ಗಾಣ ತಿರುಗುತ್ತಿರುವವರೆಗೆ ತಾಸು ತಾಸಿಗೂ ಹಾಲು ತಂದು ಅಳೆಯಲೇಬೇಕು. ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಬಂದು ರಾತ್ರಿ ಎಂಟಕ್ಕೆ ಕಾರ್ಖಾನೆಯ ಗಾಡಿಯಲ್ಲಿ ಮನೆಗೆ ಹೋಗುವ ಪಾಳಿ. ಬ್ರಾಹ್ಮಿ ಜೈನರ ಹುಡುಗಿ, ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ಚಳಿಗಾಲದಲ್ಲಿ ಸೂರ್ಯ ಬೇಗ ಜಾರಿಕೊಳ್ಳುತ್ತಾನೆ, ಆ ಹೊತ್ತಿಗೇ ಸ್ಯಾಂಪಲ್ಲುಗಳ ನೂಕುನುಗ್ಗಲು. ಮೊದಲ ಹಂಗಾಮಿನಲ್ಲಿ ಕೆಲವು ದಿನ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದಳು. ಯಾರಿಗೂ ಹೇಳಲಿಲ್ಲ, ಕೇಳುವುದು ಬಾರದಲ್ಲ. ಒಂದು ಸಂಜೆ ಗುರುರಾಜರು ತಾವಾಗಿಯೇ ಬಂದು ಅವಳ ಸ್ಟೂಲಿನ ಪಕ್ಕ ನಿಂತರು.

"ಏಳು. ಇದನ್ನ ನಾ ನೋಡ್ತೀನಿ. ಹೋಗಿ ಊಟಾ ಮಾಡಿ ಬಾ."

"ಸರ್, ನೀವ ಯಾಕ..."

"ನಾನೂ ಒಂದು ಕಾಲಕ್ಕ ಇದನ್ನ ಮಾಡೇ ಇಲ್ಲೀತನಕಾ ಬಂದೀನಿ. ಮರ್ತಿಲ್ಲ."

ಅಂದಿನಿಂದ ಅದೊಂದು ಪದ್ಧತಿಯಾಗಿ ಹೋಯಿತು. ಪಶ್ಚಿಮದ ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಲೇ ಮುಖ್ಯ ಕೆಮಿಸ್ಟರು ತಮ್ಮ ಕೋಣೆಯಿಂದ ಎದ್ದು ಬಂದು ಅವಳ ಸ್ಟೂಲಿನ ಮೇಲೆ ಕೂಡುವರು. ಅವಳು ಪಕ್ಕದ ಕೋಣೆಯಲ್ಲಿ ಕಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಉಂಡು ಕೈ ತೊಳೆದು ಬಂದು "ಆತ್ರಿ ಸರ್" ಅನ್ನುವಳು. "ಆತಲ್ಲಾ? ಹಂಗಾದ್ರ ನಾ ಏಳ್ತೀನಿ" ಎಂದು ಅವರು ಎದ್ದು ಹೋಗುವರು. ಇಷ್ಟೇ. ಇದಕ್ಕೆ ಅವರು ಉಪಕಾರವೆಂದು ಹೆಸರಿಡಲಿಲ್ಲ, ಅವಳು ಧನ್ಯವಾದವೆಂದು ಹೇಳಲೂ ಇಲ್ಲ. ಹಂಗಾಮಿನ ಮೇಲೆ ಹಂಗಾಮು ಹೀಗೇ ಕಳೆಯಿತು.

ಇಂಥವರ ಕೈಕೆಳಗಿನಿಂದ ಬೇರೆ ವಿಭಾಗಕ್ಕೆ ಹೋಗುವ ಆಸೆ ಹುಟ್ಟಿದ್ದು ಒಬ್ಬ ಅಜ್ಜಿಯಿಂದ.

ಗಲಗಲಿಯ ಸಿದ್ದಕ್ಕ ತಾನೇ ನಿಂತು ಕಬ್ಬು ಬೆಳೆಸುವ ಹೆಂಗಸು. ಒಂದು ದಿನ ತನ್ನ ಕಬ್ಬಿನ ಟ್ರ್ಯಾಕ್ಟರ್ ಜೊತೆ ತಾನೂ ಬಂದು, ತೂಕವಾದ ಮೇಲೆ ದಾರಿ ಕೇಳುತ್ತ ಸೀದಾ ಲ್ಯಾಬಿನ ಕಿಟಕಿಗೆ ಬಂದಳು.

"ಯವ್ವಾ, ಸಿಹಿ ನೋಡೂದು ಇಲ್ಲೇ ಅಂತಲ್ಲ. ನನ್ನ ಕಬ್ಬಿಂದು ಎಷ್ಟು ಬಂತು?"

ಗಾಣಕ್ಕೆ ಬಿದ್ದ ಮೇಲೆ ಎಲ್ಲರ ಕಬ್ಬೂ ಒಂದೇ. ಗಲಗಲಿಯದು, ಅನಗವಾಡಿಯದು, ಬಲಿತದ್ದು, ಎಳೆಯದು, ಕಡಿದು ಒಣಗಿದ್ದು, ಎಲ್ಲ ಬೆರೆತ ಹಾಲು ಲ್ಯಾಬಿಗೆ ಬರುತ್ತದೆ.

"ಅದು ಇಲ್ಲಿ ಗೊತ್ತಾಗಂಗಿಲ್ಲಬೇ ಅಮ್ಮಾ. ಹೊಲದಾಗ ನಿಂತಾಗನ ನೋಡಬೇಕು."

"ಹಂಗಾರ ಹೊಲಕ್ಕ ಬಾರವಾ. ಇಲ್ಲಿ ಕುಂತು ಏನ ಮಾಡ್ತಿ?"

ಅಜ್ಜಿ ಸಹಜವಾಗಿ ಅಂದು ಹೋದಳು. ಆ ಮಾತು ಬ್ರಾಹ್ಮಿಯ ತಲೆಯಿಂದ ಹೋಗಲಿಲ್ಲ. ಕಬ್ಬಿನ ಸಿಹಿ ಹುಟ್ಟುವುದು ಹೊಲದಲ್ಲಿ. ಎಳೆಯದಿದ್ದಾಗ ಕಡಿದರೆ ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ. ಕಡಿಯುವ ಮೊದಲು ಹೊಲಕ್ಕೆ ಹೋಗಿ, ಗಳದ ಬುಡಕ್ಕೆ ಮತ್ತು ತುದಿಗೆ ಚುಚ್ಚಿ ಒಂದೊಂದು ಹನಿ ರಸ ತೆಗೆದು ಸಿಹಿ ಅಳೆಯುವ ಕೈಮೀಟರಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಬುಡದ ಸಿಹಿ ತುದಿಗೂ ಏರಿದ್ದರೆ ಕಬ್ಬು ಬಲಿತಿದೆ, ಬುಡದಲ್ಲೇ ಉಳಿದಿದ್ದರೆ ಇನ್ನೂ ಕಾಯಬೇಕು. ಕಬ್ಬಿನ ವಿಭಾಗದವರೂ ಇದನ್ನು ಮಾಡುತ್ತಿದ್ದರು. ಆದರೆ ನೋಂದಣಿ, ಕಡಿಯುವ ಗ್ಯಾಂಗಿನ ಹೊಂದಾಣಿಕೆ, ರೈತರ ಜಗಳ ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಲ ಮುಟ್ಟಿ ಕೈಬಿಡುತ್ತಿದ್ದರು. ಹಂಗಾಮು ಬಂದರೆ ಎರಡು ವಿಭಾಗಗಳದ್ದೂ ಅತ್ತೆ ಸೊಸೆಯ ಜಗಳ. ರಿಕವರಿ, ಅಂದರೆ ಕಬ್ಬಿನಿಂದ ಕೈಗೆ ಬರುವ ಸಕ್ಕರೆಯ ಪ್ರಮಾಣ, ಇಳಿದರೆ ಲ್ಯಾಬಿನವರು "ಎಳೀ ಕಬ್ಬು ತರ್ತಾರ" ಅನ್ನುವರು, ಅವರು "ಲ್ಯಾಬಿನವರು ಕುಂತಲ್ಲೇ ಅಂಕಿ ಬರೀತಾರ" ಅನ್ನುವರು. ನಡುವೆ ಎರಡೂ ಬಲ್ಲ ಒಬ್ಬರಿದ್ದರೆ ಎಂದು ಬ್ರಾಹ್ಮಿಗೆ ಅನ್ನಿಸಿತು. ಆ ಒಬ್ಬರು ತಾನೇ ಆಗಬೇಕೆಂದೂ ಅನ್ನಿಸಿತು. ಅಷ್ಟರಲ್ಲಿ ಕಬ್ಬಿನ ವಿಭಾಗದಲ್ಲಿ ಸಹಾಯಕರ ಜಾಗವೊಂದು ಖಾಲಿಯಾದ ನೋಟಿಸು ಬೋರ್ಡಿಗೆ ಬಂತು.

ಗುರುರಾಜರನ್ನು ಕೇಳಲು ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ ಬಂದಳು. ಅವರ ನಿವೃತ್ತಿ ಹತ್ತಿರ ಬಂದಿತ್ತು. "ನಾ ಹೋಗೂದ್ರಾಗ ನಿನ್ನ ಡೆಪ್ಯುಟಿ ಮಾಡಿ ಹೋಗ್ತೀನಿ" ಎಂದು ಅವರು ಹೇಳಿದ್ದು ನೆನಪಾಗಿ ಕಾಲು ಹಿಂದಕ್ಕೆ ಬಂತು. ಕೈ ಹಿಡಿದು ಕಲಿಸಿದವರಿಗೆ "ನಿಮ್ಮಲ್ಲಿ ಇರಾಂಗಿಲ್ಲ" ಎಂದು ಯಾವ ಬಾಯಿಂದ ಹೇಳುವುದು? ಆಗ ಮನೆತನದ ಹಳೆಯ ಉಪಾಯ ಹೊಳೆಯಿತು. ತೇರದಾಳದ ಬಾಹುಬಲಿ ಕಾಕಾನಿಗೆ ಫೋನು ಮಾಡಿದಳು. ಕಾಕಾ ಕಾರ್ಖಾನೆಗೆ ಕಬ್ಬು ಕಳಿಸುವ ದೊಡ್ಡ ರೈತ, ಕಬ್ಬಿನ ವಿಭಾಗದ ಮ್ಯಾನೇಜರ್ ಶಿದ್ರಾಮಪ್ಪನವರ ಪರಿಚಯದವನು. ಬನಹಟ್ಟಿಯ ಮದುವೆಯಲ್ಲಿ ಸಿಗುತ್ತಾರೆ, ಒಂದು ಮಾತು ಹಾಕುತ್ತೇನೆ ಎಂದ. ಈ ಸೀಮೆಯಲ್ಲಿ ಕಬ್ಬಿನ ಮ್ಯಾನೇಜರನಿಗೆ ಬೀಗರಿಗಿಂತ ಮೊದಲು ಲಗ್ನಪತ್ರಿಕೆ ಮುಟ್ಟುತ್ತದೆ.

"ಸುಮ್ನ ಜಾಗಾ ಐತೇನು ಅಂತ ಕೇಳ ಕಾಕಾ. ಮುಂದಿಂದು ನಾ ನೋಡ್ಕೋತೇನಿ" ಎಂದು ಬ್ರಾಹ್ಮಿ ಹೇಳಿದ್ದಳು.

ಸುಮ್ಮನೆ ಕೇಳಿದರೆ ಅವನು ಬಾಹುಬಲಿ ಕಾಕಾ ಹೇಗಾದಾನು? ಮದುವೆಯ ಪಂಕ್ತಿಯಲ್ಲಿ ಶಿದ್ರಾಮಪ್ಪನವರ ಪಕ್ಕ ಕೂತು, ಬುಂದೆ ಬಡಿಸಿದವನನ್ನು ಇನ್ನೊಮ್ಮೆ ಕರೆದು ಅವರ ಎಲೆಗೆ ಹಾಕಿಸಿ, ರೂಢಿಯ ಪ್ರಕಾರ ಕಷ್ಟ ಹೇಳಿಕೊಂಡ. ಯಾವ ಕಷ್ಟವೂ ಇಲ್ಲದ್ದರಿಂದ ಒಂದನ್ನು ಹುಟ್ಟಿಸಬೇಕಾಯಿತು. "ಲ್ಯಾಬಿನಾಗ ಹುಡುಗಿಗೆ ಭಾಳ ತ್ರಾಸರಿ ಸಾಹೇಬ್ರ. ನಮ್ಮ ಮಂದಿ ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗಿಲ್ಲ, ನಿಮಗ ಗೊತ್ತೈತಿ. ಅಲ್ಲಿ ಹೊತ್ತಿಗೆ ಬಿಡಂಗೇ ಇಲ್ಲಂತ. ದಿನಾ ಉಪಾಸ ಕೂಡತೈತಿ ಕೂಸು."

ಕಾಕಾನ ಮನಸ್ಸಿನಲ್ಲಿ ಕೇಡಿರಲಿಲ್ಲ. ಕೇಳಬೇಕಾದರೆ ಹಾಗೆ ಕೇಳಬೇಕೆಂದು ಅವನಿಗೆ ಅವನ ಅಪ್ಪ ಕಲಿಸಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಮಾತ್ರ ಕಲಿಸಲು ಮರೆತಿದ್ದ.

ಮರುದಿನ ಮುಂಜಾನೆ ಕಾರ್ಖಾನೆಯ ನಿತ್ಯದ ಸಭೆ. ಎಲ್ಲ ವಿಭಾಗದ ಮುಖ್ಯಸ್ಥರು ಕೂತು ಹಿಂದಿನ ದಿನ ಎಷ್ಟು ಕಬ್ಬು ಅರೆದದ್ದು, ಎಷ್ಟು ರಿಕವರಿ ಬಂದದ್ದು ಎಂದು ಮಾತಾಡುವ ಹೊತ್ತು. ಎಳೆಯ ಕಬ್ಬು ಬರುತ್ತಿದೆ ಎಂದು ಗುರುರಾಜರು ಎಂದಿನಂತೆ ಅಂದರು. ಶಿದ್ರಾಮಪ್ಪನವರು ನಗುತ್ತ ಎಲ್ಲರೆದುರು ತಿರುಗಿಸಿ ಕೊಟ್ಟರು. "ನಮ್ಮ ಕಬ್ಬಿನ ಚಿಂತಿ ಬಿಡ್ರಿ ದೇಶಪಾಂಡೆಯವರ. ನಿಮ್ಮ ಲ್ಯಾಬಿನ ಹೆಣ್ಮಕ್ಕಳನ್ನ ಉಪಾಸ ಕೆಡವ್ತೀರಂತ, ಮೊದಲ ಅವರಿಗೆ ಹೊತ್ತಿಗೆ ಅನ್ನಾ ಹಾಕ್ರಿ. ಪಾಪ, ಬ್ರಾಹ್ಮಿ ಓಡಿ ನಮ್ಮ ಕಡೆ ಬರಾಕ ನಿಂತಾಳ."

ಆ ದಿನ ಮುಂಜಾನೆಯೇ ಬಂದು ಸಭೆಗೆ ಅಂಕಿಗಳ ಕಾಗದ ಒಯ್ದಿದ್ದ ಧನಶ್ರೀ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಧನಶ್ರೀ ಲ್ಯಾಬಿನ ಕಿರಿಯ ಕೆಮಿಸ್ಟ್, ಬ್ರಾಹ್ಮಿಯ ಕೈಯಲ್ಲಿ ಕಲಿಯುತ್ತಿದ್ದವಳು. ಮಧ್ಯಾಹ್ನ ಪಾಳಿಗೆ ಬಂದ ಬ್ರಾಹ್ಮಿಗೆ ಬಾಗಿಲಲ್ಲೇ ಹೇಳಿದಳು.

"ಸರ್ ಏನಂದ್ರು?" ಎಂದು ಬ್ರಾಹ್ಮಿ ಕೇಳಿದಳು.

"ಏನೂ ಅನ್ನಲಿಲ್ಲಕ್ಕಾ. ಕನ್ನಡಕ ಒರಿಸಿದ್ರು."

ಬ್ರಾಹ್ಮಿ ನಿಂತಲ್ಲೇ ನೆಲಕ್ಕಿಳಿದು ಹೋದಳು. ಸುಳ್ಳು ಹೇಳಲು ಕಾಕಾನಿಗೆ ಊರಿನ ತುಂಬ ಕಷ್ಟಗಳಿದ್ದವು. ಗಾಡಿ ತಡ ಅನ್ನಬಹುದಿತ್ತು, ಹೊಗೆ ಅನ್ನಬಹುದಿತ್ತು. ಹುಡುಕಿ ಹುಡುಕಿ ಅದೊಂದನ್ನೇ ಎತ್ತಬೇಕೆ? ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇವಳು ಉಂಡ ಮನೆಯಲ್ಲಿ ಉಣ್ಣಲೇ ಇಲ್ಲ ಎಂದು ಊರಿಗೆ ಸಾರಿದಂತಾಗಿತ್ತು.

ಆ ಸಂಜೆ ಕಿಟಕಿಯಲ್ಲಿ ಬಿಸಿಲು ಕೆಂಪಾಯಿತು. ಅವರು ಬರುವುದಿಲ್ಲ, ಬರಲೂ ಬಾರದು ಎಂದುಕೊಂಡು ಬ್ರಾಹ್ಮಿ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದಳು. ಹೆಜ್ಜೆ ಸಪ್ಪಳವಾಯಿತು. ಗುರುರಾಜರು ಎಂದಿನಂತೆ ಬಂದು ಸ್ಟೂಲಿನ ಪಕ್ಕ ನಿಂತಿದ್ದರು.

"ನಿಮ್ಮ ಊಟದ ಹೊತ್ತಾತು, ಮೇಡಮ್."

ಇಷ್ಟು ವರ್ಷ 'ನೀ' ಅಂದವರು. ಆ 'ನಿಮ್ಮ', ಆ 'ಮೇಡಮ್' ಬ್ರಾಹ್ಮಿಯನ್ನು ಕಪಾಳಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ನೋಯಿಸಿತು.

"ಸರ್, ನಾ ಹಂಗ ಹೇಳೇ ಇಲ್ಲರಿ..."

"ಮೊದಲ ಊಟಾ ಮಾಡ್ರಿ. ಸೂರ್ಯ ನಿಮ್ಮ ಸಲುವಾಗಿ ನಿಲ್ಲೂದಿಲ್ಲ."

ಅವರು ಕೂತು ಉಪಕರಣಕ್ಕೆ ಕಣ್ಣಿಟ್ಟರು. ಬ್ರಾಹ್ಮಿ ಪಕ್ಕದ ಕೋಣೆಗೆ ಹೋಗಿ ಡಬ್ಬಿ ಬಿಚ್ಚಿದಳು. ಇವತ್ತು ಉಣ್ಣದೆ ಹೋದರೆ ಕಾಕಾ ಹೇಳಿದ್ದೇ ನಿಜವಾದಂತೆ ಎಂದು ಅಳುತ್ತಲೇ ಉಂಡಳು. ಬಂದು "ಆತ್ರಿ ಸರ್" ಎಂದಾಗ ಅವರು ಎದ್ದು, ಏನೂ ಅನ್ನದೆ ನಡೆದರು.

ಮರುದಿನ ಬ್ರಾಹ್ಮಿ ಪಾಳಿಗಿಂತ ಮೊದಲೇ ಬಂದಳು. ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಇನ್ನು ಮುಂದೆ ತನ್ನ ಮಾತನ್ನು ಇನ್ನೊಬ್ಬರ ಬಾಯಿಗೆ ಕೊಡುವುದಿಲ್ಲ. ವರ್ಗಾವಣೆ ಸಿಗಲಿ ಬಿಡಲಿ, ಗುರುರಾಜರ ಎದುರು ಮಾತ್ರ ಸುಳ್ಳುಗಾರ್ತಿಯಾಗಿ ಉಳಿಯಬಾರದು. ಕೋಣೆಯ ಬಾಗಿಲಿಗೆ ಬಂದು ಈ ಸಲ ಒಳಗೇ ಹೋದಳು.

"ಸರ್, ಐದು ನಿಮಿಷ ಕೊಡ್ರಿ. ನಾ ಹೇಳೂದು ಮುಗಿಯೂತನಕಾ ಏನೂ ಅನಬ್ಯಾಡ್ರಿ."

ಹೇಳಿದಳು. ಕಾಕಾನ ಕಡೆಯಿಂದ ಮಾತು ಹಾಕಿಸಿದ್ದು ತನ್ನದೇ ತಪ್ಪು, ಮೊದಲು ಇಲ್ಲಿಗೆ ಬರಬೇಕಿತ್ತು ಎಂದಳು. ಊಟದ ಮಾತು ಕಾಕಾನ ಕಲ್ಪನೆ, ಆದರೆ ತಾನು ಅವನನ್ನು ಕಳಿಸದಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ ಎಂದಳು. ಕೊನೆಗೆ ಇಷ್ಟು ವರ್ಷ ಹೇಳದೇ ಉಳಿದದ್ದೂ ಬಂತು. "ನನ್ನ ತವರಮನ್ಯಾಗೂ ಯಾರೂ ನನ್ನ ಊಟದ ಸಲುವಾಗಿ ತಮ್ಮ ಕೆಲಸಾ ಬಿಟ್ಟು ಕುಂತಿಲ್ಲರಿ ಸರ್. ನೀವು ದಿನಾ ಕುಂತೀರಿ. ನಂಗ ಅದನ್ನ ಹೇಳಾಕ ಬರಲಿಲ್ಲ, ಅಷ್ಟ."

ಗುರುರಾಜರು ಕನ್ನಡಕ ತೆಗೆದರು, ಒರೆಸಲಿಲ್ಲ, ಮೇಜಿನ ಮೇಲಿಟ್ಟರು.

"ತ್ರಾಸ ಇಲ್ಲ ಅಂದ್ರ ಯಾಕ ಹೋಗ್ತಿ?"

'ಹೋಗ್ತಿ' ಎಂದದ್ದು ಬ್ರಾಹ್ಮಿಯ ಕಿವಿಗೆ ಬಿತ್ತು. ಅಷ್ಟಕ್ಕೇ ಅರ್ಧ ಜೀವ ಬಂತು. ಸಿದ್ದಕ್ಕನ ಪ್ರಶ್ನೆಯಿಂದ ಹಿಡಿದು ಹೇಳಿದಳು. "ಇಲ್ಲಿ ಬರೂ ಹೊತ್ತಿಗೆ ಎಲ್ಲಾ ಮುಗದಿರತೈತ್ರಿ ಸರ್. ಎಷ್ಟು ಸಿಹಿ ಐತಿ ಅಂತ ಹೇಳಬಹುದು, ಕಮ್ಮಿ ಆಗದಂಗ ತಡಿಯಾಕ ಬರಂಗಿಲ್ಲ. ನಂಗ ನಿಂತ ಕಬ್ಬು ನೋಡೂ ಆಸೆ. ತ್ರಾಸ ಇಲ್ಲ, ಆಸೆ ಐತಿ."

"ಇದನ್ನ ಮೊದಲ ಬಂದು ಹೇಳಿದ್ರ ನಾ ಬ್ಯಾಡಾ ಅಂತಿದ್ನೇನು?"

"ಅಂತಿದ್ರಿ ಅಂತ ಅಂಜಿದ್ದೆ."

"ಅಂತಿದ್ದೆ" ಎಂದು ಗುರುರಾಜರು ಒಪ್ಪಿಕೊಂಡರು. "ಎರಡು ದಿನಾ ಅಂತಿದ್ದೆ, ಮೂರನೇ ದಿನಾ ವಿಚಾರ ಮಾಡ್ತಿದ್ದೆ. ಈಗ ಕೇಳು. ಆಸೆ ಅನ್ನೂದು ನಂಗ ಸಾಕು, ಶಿದ್ರಾಮಪ್ಪಗ ಸಾಲೂದಿಲ್ಲ. ನೀ ಹೋದ್ರ ಇಲ್ಲಿ ಯಾರು ಮಾಡವ್ರು, ಅಲ್ಲಿ ನೀ ಹೋಗಿ ಅವರಿಗೇನು ಲಾಭ, ಯಾವಾಗ ಹೋಗ್ತಿ, ಸರಿ ಹೋಗಲಿಲ್ಲ ಅಂದ್ರ ಏನು, ಇದಕ್ಕೆಲ್ಲಾ ಉತ್ತರಾ ತಯಾರ ಮಾಡ್ಕೋ. ಅರ್ಜಿ ನನ್ನ ಕೈಯಿಂದನ ಎಚ್.ಆರ್.ಗೆ ಹೋಗಬೇಕು. ಶಿದ್ರಾಮಪ್ಪನ ಮುಂದ ನಾವು ಇಬ್ಬರೂ ಕೂಡಿ ಕೂಡ್ತೀವಿ. ನಿನ್ನ ಪರವಾಗಿ ನಾ ಮಾತಾಡೂದಿಲ್ಲ ಮತ್ತ. ನೀನ ಕೇಳಬೇಕು."

ಕೇಳುವುದು ಬಾರದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯೂ ಇರಲಿಲ್ಲ, ದೊಡ್ಡ ಪಾಠವೂ ಇರಲಿಲ್ಲ.

ಎಚ್.ಆರ್. ಆಫೀಸಿನಲ್ಲಿ ನಿಯಮ ಕೇಳಿಕೊಂಡು ಬಂದಳು. ಈಗಿನ ಮುಖ್ಯಸ್ಥರು ಬಿಡಲು ಒಪ್ಪಬೇಕು, ಆಚೆಯವರು ತೆಗೆದುಕೊಳ್ಳಲು ಒಪ್ಪಬೇಕು, ಕೊನೆಗೆ ಜನರಲ್ ಮ್ಯಾನೇಜರ್ ಮಂಜೂರು ಮಾಡಬೇಕು. ಪಗಾರ ಇದ್ದಷ್ಟೇ, ಆದರೆ ಹೊಸ ವಿಭಾಗದಲ್ಲಿ ಬಡ್ತಿಯ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಡೆಪ್ಯುಟಿಯಾಗುವುದು ಕೈತಪ್ಪುತ್ತದೆ ಎಂದೇ ಅರ್ಥ. ಆ ದಿನ ಮನೆಗೆ ಬಂದು ನಿಶಾಂತನಿಗೆ ಹೇಳಿದಾಗ ಅವನು ಸೀರೆ ಮಡಚುತ್ತ, "ದಿನಾ ಖುಷಿಲೆ ಮನಿಗೆ ಬರ್ತಿ ಅಂದ್ರ ಸಾಕು, ಹಿಂದರ ನಿಲ್ಲು ಮುಂದರ ನಿಲ್ಲು" ಎಂದ.

ಸಭೆ ಶಿದ್ರಾಮಪ್ಪನವರ ಕೋಣೆಯಲ್ಲಿ. ಮೇಜಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಗುರುರಾಜರು, ನಡುವೆ ಬ್ರಾಹ್ಮಿ. ಚಹಾ ಬಂತು, ತಣ್ಣಗಾಯಿತು.

"ನೋಡ ತಂಗಿ," ಶಿದ್ರಾಮಪ್ಪನವರು ನೇರವಾಗಿ ಶುರು ಮಾಡಿದರು, "ನಿಮ್ಮ ಕಾಕಾ ನನ್ನ ದೋಸ್ತ. ಆದ್ರ ತ್ರಾಸ ತಪ್ಪಿಸ್ಕೊಂಡು ಬರಾವರಿಗೆ ನನ್ನ ಡಿಪಾರ್ಟಮೆಂಟ ಧರ್ಮಶಾಲೆ ಅಲ್ಲ. ಇಲ್ಲಿ ಲ್ಯಾಬಿಗಿಂತ ತ್ರಾಸ ಜಾಸ್ತಿ. ಬಿಸಲು, ರವದಿ, ಹಾವು. ಅದರ ಮ್ಯಾಲ ರೈತರ ಬಾಯಿ."

"ತ್ರಾಸ ತಪ್ಪಿಸ್ಕೊಳ್ಳಾಕ ಬರಾಕತ್ತಿಲ್ಲರಿ ಸಾಹೇಬ್ರ. ಆ ಮಾತು ಖರೆ ಅಲ್ಲ. ಗೊತ್ತಾದ ದಿನದಿಂದ ಲ್ಯಾಬಿನಾಗ ನನ್ನ ಒಂದ ದಿನಾನೂ ಉಪಾಸ ಇರಾಕ ಬಿಟ್ಟಿಲ್ಲ, ಸರ್ ತಾವು ನನ್ನ ಜಾಗಾದಾಗ ಕುಂತು ನನ್ನ ಊಟಕ್ಕ ಕಳಸ್ಯಾರ. ಮೊದಲ ಇದು ನಿಮಗ ಗೊತ್ತಾಗಲಿ, ಆಮ್ಯಾಲೆ ನನ್ನ ಅರ್ಜಿ ನೋಡ್ರಿ."

ಶಿದ್ರಾಮಪ್ಪನವರು ಗುರುರಾಜರ ಮುಖ ನೋಡಿದರು. ಗುರುರಾಜರು ಕಿಟಕಿ ನೋಡುತ್ತಿದ್ದರು. ಸಭೆಯಲ್ಲಿ ಆಡಿದ ಚೇಷ್ಟೆ ನೆನಪಾಗಿ ಶಿದ್ರಾಮಪ್ಪನವರು ಮೀಸೆ ನೀವಿಕೊಂಡರು. "ದೇಶಪಾಂಡೆಯವರ, ನಂದು ಜರಾ ಹೆಚ್ಚಾತು. ಮನಸಿಗೆ ಹಚ್ಕೋಬ್ಯಾಡ್ರಿ."

"ಬಿಡ್ರಿ" ಎಂದರು ಗುರುರಾಜರು. "ಹುಡುಗಿ ಏನು ಹೇಳ್ತಾಳ ಕೇಳ್ರಿ."

ಬ್ರಾಹ್ಮಿ ಹೇಳಿದಳು. ಹಂಗಾಮು ಮುಗಿದು ವರ್ಷದ ಲೆಕ್ಕದ ವರದಿ ಸಿದ್ಧವಾಗುವವರೆಗೆ ಲ್ಯಾಬು ಬಿಡುವುದಿಲ್ಲ. ಗಾಣ ನಿಂತ ಬೇಸಿಗೆಯಲ್ಲಿ ಧನಶ್ರೀಗೆ ಉಳಿದ ಪರೀಕ್ಷೆಗಳನ್ನು ಕಲಿಸಿ ಕೆಲಸ ಒಪ್ಪಿಸುತ್ತೇನೆ. ಕಬ್ಬಿನ ವಿಭಾಗದಲ್ಲಿ ತಳಿ, ಗೊಬ್ಬರ, ರೋಗದ ಸಲಹೆ ಕೊಡುವುದಿಲ್ಲ, ಅದು ಕೃಷಿ ಓದಿದವರ ಕೆಲಸ. ತನ್ನದು ಒಂದೇ ಕೆಲಸ. ಹಂಗಾಮಿಗೆ ಮುಂಚೆ ಹೊಲದಿಂದ ಹೊಲಕ್ಕೆ ಹೋಗಿ ಬಲಿತದ್ದು ನೋಡುವುದು, ಅನುಮಾನ ಬಂದ ಹೊಲದ ಗಳಗಳನ್ನು ಲ್ಯಾಬಿಗೆ ತಂದು ಸಣ್ಣ ಗಾಣದಲ್ಲಿ ಅರೆದು ಖಾತ್ರಿ ಮಾಡಿಕೊಳ್ಳುವುದು, ಯಾವ ಹೊಲ ಮೊದಲು ಕಡಿಯಬೇಕೆಂದು ಹೇಳುವುದು.

"ಎಳೀ ಕಬ್ಬು ಬಂತಂತ ಇವರು, ಅಂಕಿ ಖೊಟ್ಟಿ ಅಂತ ನೀವು ಜಗಳಾ ಮಾಡೂದು ನಾನ ಕೇಳೇನ್ರಿ. ಹೊಲದಾಗಿನ ಅಂಕಿ, ಗಾಣದಾಗಿನ ಅಂಕಿ ಎರಡೂ ಒಬ್ಬರ ಕೈಯಾಗ ಇದ್ರ ಜಗಳಾ ಎಲ್ಲಿಂದ ಬರತೈತಿ?"

"ಜಗಳಾ ಇಲ್ಲದ ಮುಂಜಾನಿ ಮೀಟಿಂಗ್ ಹೆಂಗ ಕಳಿಯೂದು?" ಎಂದು ಶಿದ್ರಾಮಪ್ಪನವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ಕಬ್ಬು ಕಡಿಯೂ ಪಟ್ಟಿಯೊಳಗ ಹಿಂದ ಇದ್ದವನ ಕಬ್ಬು ಬಲಿತಂತ ನೀ ಮೊದಲ ಕಡೀರಿ ಅಂತಿ. ಮುಂದಿದ್ದವ ಬಂದು ನನ್ನ ಕುತ್ತಿಗಿ ಹಿಡೀತಾನ. ಆಗ?"

"ಅದು ನಂಗ ಗೊತ್ತಿಲ್ಲರಿ. ನೀವು ಕಲಿಸಬೇಕು" ಎಂದಳು.

ಶಿದ್ರಾಮಪ್ಪನವರು ಕುರ್ಚಿಗೆ ಒರಗಿದರು. "ಗೊತ್ತಿಲ್ಲ ಅಂದಿ, ಛಲೋ ಆತು. ಗೊತ್ತೈತಿ ಅಂದಿದ್ರ ಇಲ್ಲಿಂದನ ಕಳಸ್ತಿದ್ದೆ. ನಾಟಿ ತಾರೀಕಿನ ಪಟ್ಟಿ ಮುರಿಯಾಕ ಬರಂಗಿಲ್ಲ. ಒಂದ ವಾರದಾಗ ನಾಟಿ ಮಾಡಿದವರೊಳಗ ಹಿಂದ ಮುಂದ ಮಾಡಬಹುದು. ಅಷ್ಟರಾಗ ನೀ ನೋಡು."

ಗುರುರಾಜರು ಒಂದು ಮಾತು ಸೇರಿಸಿದರು. ಮೊದಲ ಹಂಗಾಮು ಪ್ರಯೋಗ ಎಂದಿರಲಿ, ಹೊಂದದಿದ್ದರೆ ಬ್ರಾಹ್ಮಿ ಲ್ಯಾಬಿಗೆ ಮರಳಬಹುದು, ಅಲ್ಲಿಯವರೆಗೆ ಅವಳ ಜಾಗವನ್ನು ಕಾಯಂ ತುಂಬುವುದಿಲ್ಲ ಎಂದರು. ಶಿದ್ರಾಮಪ್ಪನವರು ಒಪ್ಪಿದರು. ಬ್ರಾಹ್ಮಿಯನ್ನು ಹೊರಗೆ ಕಳಿಸಿ ಇಬ್ಬರೂ ಇನ್ನಷ್ಟು ಹೊತ್ತು ಕೂತಿದ್ದರು. ಏನು ಮಾತಾಡಿದರೆಂದು ಯಾರೂ ಅವಳಿಗೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಜನರಲ್ ಮ್ಯಾನೇಜರರ ಸಹಿ ಬರಲು ಮಾತ್ರ ದಿನಗಳು ಹಿಡಿದವು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಕಡತ ಒಂದು ಮೇಜಿನಲ್ಲಿ ಮಲಗಿತ್ತು. ಬ್ರಾಹ್ಮಿ ತಾನೇ ಹೋಗಿ, ತನ್ನದೇ ಬಾಯಿಂದ ಕೇಳಿ ಎಬ್ಬಿಸಿದಳು.

ಬೇಸಿಗೆಯಲ್ಲಿ ಧನಶ್ರೀಗೆ ಕೆಲಸ ಒಪ್ಪಿಸಿದಳು. ಲ್ಯಾಬು ಬಿಡುವ ದಿನ ಗುರುರಾಜರ ಕಾಲಿಗೆ ನಮಸ್ಕರಿಸಿದಳು. "ಹೊಲದಿಂದ ಖೊಟ್ಟಿ ಅಂಕಿ ತಂದ್ರ ಕಾಗದಾ ತಿರುವಿ ಇಡ್ತೀನಿ ಮತ್ತ" ಎಂದರು ಅವರು. ಅದೇ ಅವರ ಆಶೀರ್ವಾದ.

ಮಳೆಗಾಲ ಹಿಂದಾಗಿ ಕಬ್ಬು ತಲೆಯೆತ್ತಿ ನಿಂತ ಕಾಲಕ್ಕೆ ಹೊಲದ ಕೆಲಸ ಶುರುವಾಯಿತು. ಬ್ರಾಹ್ಮಿಯ ಜೊತೆಗೆ ಫೀಲ್ಡ್‌ಮನ್ ಬಾಳು. ಇಪ್ಪತ್ತು ವರ್ಷದಿಂದ ಆ ಹಳ್ಳಿಗಳನ್ನೇ ತಿರುಗಿ ಹಣ್ಣಾದ ಮನುಷ್ಯ, ಯಾರ ಹೊಲದಲ್ಲಿ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಮಜ್ಜಿಗೆ ಕೊಡುತ್ತಾರೆ ಎಂದು ಬಲ್ಲವನು. ಕಬ್ಬಿನ ಒಣ ಎಲೆಯ ರವದಿ ಕೈಗೆ ಗೀರಿತು, ಬಿಸಿಲು ಮುಖ ಸುಟ್ಟಿತು, ಒಬ್ಬ ರೈತ "ಹೆಣ್ಮಗಳು ಬಂದು ನನ್ನ ಕಬ್ಬಿಗೆ ಎಳೇದು ಅಂತಾಳ" ಎಂದು ರಸ್ತೆಯವರೆಗೂ ಬಯ್ಯುತ್ತ ಬಂದ. ಬ್ರಾಹ್ಮಿ ಮಾತ್ರ ಪ್ರತಿದಿನ ಮನೆಗೆ ಹಾಡು ಗುನುಗುತ್ತ ಬಂದಳು, ನಿಶಾಂತ ಸಾಕ್ಷಿ.

ಗಲಗಲಿಗೆ ಹೋದ ದಿನ ಸಿದ್ದಕ್ಕನ ಹೊಲವೇ ಕೊನೆಯದು. ಅಜ್ಜಿ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹೊಲ ದೊಡ್ಡದು, ನಾಲ್ಕು ಕಡೆಯಿಂದಲೂ ಗಳ ಆರಿಸಿ ನೋಡಬೇಕು. ಬ್ರಾಹ್ಮಿ ಕೆಲಸದಲ್ಲಿ ಮುಳುಗಿ ಹೊತ್ತು ಮರೆತಿದ್ದಳು. ಕೃಷ್ಣೆಯ ಆಚೆ ದಂಡೆಗೆ ಸೂರ್ಯ ಇಳಿಯುತ್ತಿದ್ದ.

ಬಾಳು ಬಂದು ಅವಳ ಕೈಯಿಂದ ಮೀಟರು ಇಸಿದುಕೊಂಡ. "ಇದನ್ನ ನಾ ನೋಡ್ತೇನ್ರಿ. ನೀವು ಡಬ್ಬಿ ಬಿಚ್ಚರಿ."

"ಇನ್ನೊಂದ ಸಾಲು ಐತಿ ಬಾಳಣ್ಣಾ, ಮುಗಿಸೇ ಬಿಡೋಣು."

"ಮುಗಿಸಾಕ ಬರಂಗಿಲ್ಲರಿ. ಸಾಹೇಬ್ರು ಬೈತಾರ."

"ಯಾವ ಸಾಹೇಬ್ರು?"

"ನಮ್ಮ ಶಿದ್ರಾಮಪ್ಪ ಸಾಹೇಬ್ರು. ನಿಮ್ಮನ್ನ ಬಿಡಬೇಕಾದ್ರ ಲ್ಯಾಬಿನ ಸಾಹೇಬ್ರು ಒಂದ ಶರ್ತ ಹಾಕ್ಯಾರಂತಲ್ಲ. ಕೆಲಸಾ ಎಷ್ಟರ ಇರಲಿ, ಹೊತ್ತು ಮುಳುಗೂದ್ರಾಗ ಹುಡುಗಿ ಊಟಾ ಆಗಬೇಕು, ಇಲ್ಲಂದ್ರ ತಿರುಗಿ ಕರ್ಕೋತೇನಿ ಅಂತ. ಮೊದಲ ದಿನಾನ ನಮಗೆಲ್ಲಾ ಹೇಳಿ ಇಟ್ಟಾರ."

ಮುಚ್ಚಿದ ಬಾಗಿಲ ಹಿಂದೆ ಇಬ್ಬರು ಮುಖ್ಯಸ್ಥರು ಮಾತಾಡಿದ್ದು ಇದು. ಬ್ರಾಹ್ಮಿ ಬದುವಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಸಿದ್ದಕ್ಕ ಓಡಿ ಹೋಗಿ ಗುಡಿಸಲಿನಿಂದ ಗಟ್ಟಿ ಮೊಸರು ತಂದು ರೊಟ್ಟಿಯ ಪಕ್ಕ ಸುರಿದಳು. ಬ್ರಾಹ್ಮಿ ಹೊಟ್ಟೆ ತುಂಬ ಉಂಡಳು. ತನ್ನ ಪಾಲಿಗೆ ಇಂಥವರು ಸಿಕ್ಕದ್ದಕ್ಕೆ ಯಾವ ಪುಣ್ಯವನ್ನು ನೆನೆಯಬೇಕೋ ಅವಳಿಗೆ ತಿಳಿಯಲಿಲ್ಲ.

"ನನ್ನ ಕಬ್ಬು ಹೆಂಗೈತವಾ?" ಎಂದು ಸಿದ್ದಕ್ಕ ಕೇಳಿದಳು.

"ಬುಡದಾಗ ಛಲೋ ಸಿಹಿ ಏರೇತಿ ಅಮ್ಮಾ, ತುದಿಗೆ ಇನ್ನೂ ಬರಬೇಕು. ಅವಸರ ಮಾಡಬ್ಯಾಡಾ, ನಾ ಇನ್ನೊಮ್ಮೆ ಬಂದು ನೋಡ್ತೇನಿ."

ಕೈ ತೊಳೆದು, ಸೂರ್ಯ ಇನ್ನೂ ನೀರಿನ ಮೇಲಿರುವಾಗಲೇ ಬ್ರಾಹ್ಮಿ ಫೋನು ಹಚ್ಚಿದಳು. ಕಾರ್ಖಾನೆಯ ಲ್ಯಾಬಿನಲ್ಲಿ ಗುರುರಾಜರು ಎತ್ತಿದರು.

"ಆತ್ರಿ ಸರ್" ಎಂದಳು.

ಆ ಕಡೆ ಕುರ್ಚಿ ಸರಿದ ಸಪ್ಪಳ ಕೇಳಿಸಿತು.

"ಆತಲ್ಲಾ? ಹಂಗಾದ್ರ ನಾ ಏಳ್ತೀನಿ."